ಸೀಟಿ ಟೀಚರ ಇಪ್ಪತ್ತು ನಿಮಿಷ

ನಮ್ಮ ಶಾಲೆಯಲ್ಲಿ ಡ್ರಿಲ್ ಪೀರಿಯಡ್ ಎನ್ನುವುದು ಗೋಡೆಗೆ ಅಂಟಿಸಿದ ವೇಳಾಪಟ್ಟಿಯಲ್ಲಿ ಮಾತ್ರ ಇತ್ತು. ಗಣಿತದ ಮೇಷ್ಟ್ರಿಗೆ ಪಾಠ ಮುಗಿದಿಲ್ಲವೆಂದರೆ ಆ ಪೀರಿಯಡ್ ಅವರದು. ವಿಜ್ಞಾನದವರಿಗೆ ಕಿರುಪರೀಕ್ಷೆ ಇದೆಯೆಂದರೆ ಅವರದು. ಯಾರಿಗೂ ಬೇಡವಾದ ದಿನ ದೊಡ್ಡ ಮೇಡಂ, ಅಂದರೆ ನಮ್ಮ ಮುಖ್ಯೋಪಾಧ್ಯಾಯಿನಿ, ನನ್ನನ್ನು ಕರೆದು, "ನೀವೇ ಹೋಗಿ ಒಂದು ಪದ್ಯ ಹೇಳಿ ಬನ್ನಿ ಮೇಷ್ಟ್ರೇ, ಮಕ್ಕಳು ಸುಮ್ನೆ ಹೊರಗೆ ಓಡಾಡ್ತವೆ" ಎನ್ನುತ್ತಿದ್ದರು. ಮಕ್ಕಳು ಹೊರಗೆ ಓಡಾಡುವುದಕ್ಕೇ ಆ ಪೀರಿಯಡ್ ಇರುವುದು ಎಂದು ಹೇಳುವ ಧೈರ್ಯ ಇಡೀ ಶಾಲೆಯಲ್ಲಿ ಒಬ್ಬರಿಗೇ ಇತ್ತು. ಅವರೇ ನಮ್ಮ ಸೀಟಿ ಟೀಚರ್.

ಅವರ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಬೇರೆ ಯಾವತ್ತೂ ಯಾರ ಬಾಯಲ್ಲೂ ಬಂದದ್ದನ್ನು ನಾನು ಕೇಳಿಲ್ಲ. ಕುಳ್ಳಗಿನ ಗಟ್ಟಿ ಹೆಂಗಸು. ಕೊರಳಲ್ಲಿ ಸದಾ ಒಂದು ಸೀಟಿ. ಸ್ಟಾಫ್ ರೂಮಿನಲ್ಲಿ ಊಟ ಮಾಡುವಾಗ ಅದು ಡಬ್ಬಿಯೊಳಗೆ ಇಳಿಯದಂತೆ ಎತ್ತಿ ಬೆನ್ನ ಮೇಲೆ ಹಾಕಿಕೊಳ್ಳುತ್ತಿದ್ದರು. ಮಾತು ಕಡಿಮೆ, ಆದರೆ ಆಡಿದ ಮಾತು ನೇರ. ನೇರ ಮಾತಿನವರನ್ನು ಶಾಲೆಗಳು ಹೇಗೆ ನೋಡಿಕೊಳ್ಳುತ್ತವೆ ಎಂದು ಗೊತ್ತಿದ್ದವರಿಗೆ, ಅವರ ಕೋಣೆ ಮೆಟ್ಟಿಲ ಕೆಳಗೆ, ಮುರಿದ ಬೆಂಚುಗಳ ಪಕ್ಕದಲ್ಲಿತ್ತು ಎಂದು ಬೇರೆ ಹೇಳಬೇಕಾಗಿಲ್ಲ.

ನಾನು ಭಾಷೆ ಮೇಷ್ಟ್ರು. ಅದಕ್ಕಿಂತ ಮುಖ್ಯವಾಗಿ, ನಮ್ಮ ಊರಿನ ಸಮಾರಂಭಗಳ ಕಾಯಂ ನಿರೂಪಕ. ಯಾರೇ ಗಣ್ಯರು ಬರಲಿ, ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತನ್ನು ಹುಡುಕಿ ಹೇಳುವುದು ನನ್ನ ಕೆಲಸ. ಕೆಲವರ ವಿಷಯದಲ್ಲಿ ಇದು ಬಹಳ ಶ್ರಮದ ಕೆಲಸ.

ಸೀಟಿ ಟೀಚರಿಗೂ ಊರಿಗೂ ಇದ್ದ ಜಗಳ ಒಂದೇ ಒಂದು ವಿಷಯಕ್ಕೆ. ಪಂದ್ಯಕ್ಕೆ ಮುಂಚೆ ಅವರಿಗೆ ಇಪ್ಪತ್ತು ನಿಮಿಷ ಬೇಕು. ಹುಡುಗಿಯರ ಫುಟ್‌ಬಾಲ್ ತಂಡವನ್ನು ಅವರು ನೇರವಾಗಿ ಆಟಕ್ಕೆ ಬಿಡುತ್ತಿರಲಿಲ್ಲ. ಮೊದಲು ಮೈದಾನದ ಸುತ್ತ ನಿಧಾನ ಓಟ. ಪಕ್ಕದವಳ ಜೊತೆ ಮಾತಾಡಿಕೊಂಡು ಓಡಬಹುದಾದಷ್ಟು ನಿಧಾನ. ನಡುವೆ ಅಡ್ಡಡ್ಡ, ಹಿಂದೆ ಹಿಂದೆ. ಹಣೆಯಲ್ಲಿ ಸಣ್ಣಗೆ ಬೆವರು ಕಂಡ ಮೇಲೆ ಕೀಲುಗಳ ಸರದಿ. ಒಂದು ಕಾಲಲ್ಲಿ ನಿಂತು ಇನ್ನೊಂದನ್ನು ಹಿಂದಕ್ಕೂ ಮುಂದಕ್ಕೂ ಬೀಸುವುದು, ಮಂಡಿಯನ್ನು ಎತ್ತಿ ಗೇಟು ತೆಗೆದ ಹಾಗೆ ಹೊರಕ್ಕೆ ತಿರುಗಿಸುವುದು, ಉದ್ದ ಹೆಜ್ಜೆ ಇಟ್ಟು ಕುಸಿದು ನಡು ತಿರುಗಿಸುವುದು. ಆಮೇಲೆ ಸ್ನಾಯುಗಳನ್ನು ಎಬ್ಬಿಸುವ ಕೆಲಸ. ಬೆನ್ನ ಮೇಲೆ ಮಲಗಿ ಸೊಂಟ ಎತ್ತಿ ಹಿಡಿಯುವುದು, ಒಂಟಿ ಕಾಲಲ್ಲಿ ಓಲಾಡದೆ ನಿಲ್ಲುವುದು, ಚಿಕ್ಕದಾಗಿ ನೆಗೆದು ಸದ್ದಾಗದಂತೆ ಇಳಿಯುವುದು. ಇಳಿಯುವಾಗ ಮಂಡಿ ಒಳಗೆ ವಾಲಿದರೆ ಸೀಟಿ ಚೀರುತ್ತಿತ್ತು. ಕಟ್ಟಕಡೆಗೆ ಚಿಕ್ಕ ಚಿಕ್ಕ ಓಟ. ಮೊದಲನೆಯದು ಅರ್ಧ ವೇಗ, ಮುಂದಿನದು ಇನ್ನಷ್ಟು, ಕೊನೆಯದು ಪೂರ್ತಿ. ನಡುವೆ ನಡೆದುಕೊಂಡು ವಾಪಸು ಬರುವುದು.

ಇದನ್ನು ನೋಡಿ ಊರಿನವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎದುರಾಳಿ ಶಾಲೆಯ ಡ್ರಿಲ್ ಮೇಷ್ಟ್ರು ಮಿಲಿಟರಿ ಮೀಸೆಯವರು. ಅವರ ಹುಡುಗಿಯರು ತಣ್ಣಗಿನ ಮೈಯಲ್ಲೇ ಬಗ್ಗಿ ಕಾಲ್ಬೆರಳು ಮುಟ್ಟಿ, ಅವರು ಎಣಿಸಿ ಮುಗಿಸುವವರೆಗೆ ಹಾಗೇ ನಡುಗುತ್ತ ನಿಂತು, ಎದ್ದು ನೇರ ಆಟಕ್ಕಿಳಿಯುತ್ತಿದ್ದರು. "ಏನ್ ಟೀಚರ್, ಆಟಕ್ಕೆ ಮುಂಚೇನೇ ಅರ್ಧ ಆಟ ಆಡಿ ಸುಸ್ತು ಮಾಡ್ಸಿಬಿಡ್ತೀರಲ್ಲ" ಎಂದು ಮೀಸೆಯವರು ಕೇಳಿದರೆ, ಸೀಟಿ ಟೀಚರ್, "ನಾನೂ ಹತ್ತು ವರ್ಷ ನಿಮ್ ಥರಾನೇ ಮಾಡ್ಸಿದೀನಿ ಸಾರ್. ತರಬೇತಿ ಶಿಬಿರಕ್ಕೆ ಹೋದ್ಮೇಲೆ ತಪ್ಪು ಅಂತ ಗೊತ್ತಾಯ್ತು, ಬಿಟ್ಟೆ. ಹಾಗೆ ಬಗ್ಗಿ ಹಿಡ್ಕೊಂಡು ನಿಲ್ಲೋದನ್ನ ಆಟ ಮುಗಿದ್ಮೇಲೆ ಮಾಡ್ಸಿ" ಎಂದಿದ್ದರು. ತಪ್ಪು ಅಂತ ಗೊತ್ತಾಗಿ ಬಿಟ್ಟವರನ್ನು ನಮ್ಮ ವೃತ್ತಿಯಲ್ಲಿ ನಾನು ನೋಡಿದ್ದು ಅದೇ ಮೊದಲು, ಅದೇ ಕೊನೆ.

ಅವರ ಮನೆಗೆ ಒಮ್ಮೆ ಹೋಗಿದ್ದೆ. ಮುದ್ರಣಾಲಯದಲ್ಲಿ ಪುಸ್ತಕ ಹೊಲಿಯುವ ಗಂಡ ಬಾಗಿಲು ತೆಗೆದು, "ಸ್ವಲ್ಪ ಇರಿ ಮೇಷ್ಟ್ರೇ, ಅಮ್ಮ ಮೆಟ್ಟಿಲು ಹತ್ತೋಕೆ ರೆಡಿ ಆಗ್ತಿದಾರೆ" ಎಂದರು. ಒಳಗೆ ನೋಡಿದರೆ ಟೀಚರ ಅತ್ತೆ, ಮಂಡಿನೋವಿನ ಮುದುಕಿ, ಗೋಡೆ ಹಿಡಿದು ನಿಂತು ಒಂದೊಂದೇ ಕಾಲನ್ನು ಬೀಸುತ್ತಿದ್ದರು. ಮಹಡಿಯ ಮೇಲೆ ಒಣಗಿದ ಬಟ್ಟೆ ತರಬೇಕಿತ್ತಂತೆ. "ಬೇರೆಯವರ ಮನೇಲಿ ಸೊಸೆ ಬಂದ್ರೆ ಅತ್ತೆ ಕೂತ್ಕೋತಾರೆ. ನನ್ ಹಣೇಲಿ ಕವಾಯತು ಬರೆದಿತ್ತು" ಎಂದು ನನ್ನ ಮುಂದೆ ಗೊಣಗಿದರು. ಗೊಣಗುತ್ತಲೇ ಇನ್ನೊಂದು ಕಾಲನ್ನೂ ಬೀಸಿ, ಕುರ್ಚಿಯಿಂದ ನಾಲ್ಕು ಸಲ ಎದ್ದು ಕೂತು, ಆಮೇಲೆ ಸರಾಗವಾಗಿ ಮೆಟ್ಟಿಲು ಹತ್ತಿ ಹೋದರು. ನಾನು ಅವರ ಹಿಂದೆ ಹತ್ತಿ ಏದುಸಿರು ಬಿಟ್ಟೆ.

ಇಷ್ಟೇ ಆಗಿದ್ದರೆ ಟೀಚರ ಹುಚ್ಚು ಒಂದು ತಮಾಷೆಯಾಗಿ ಉಳಿದುಬಿಡುತ್ತಿತ್ತು. ಆದರೆ ಏಣಿಯ ವಿಷಯ ಬಂತು.

ಏಣಿ ಎಂದರೆ ನಮ್ಮ ತಂಡದ ಮುಂಚೂಣಿ ಆಟಗಾರ್ತಿ. ಹೆಸರಿಗೆ ತಕ್ಕ ಉದ್ದ. ಬೇಕರಿಯಲ್ಲಿ ಹಿಟ್ಟು ನಾದುವ ತಾಯಿಯ ಒಬ್ಬಳೇ ಮಗಳು. ತರಗತಿಯಲ್ಲಿ ನಾನು ಕೇಳಿದ ಯಾವ ಪ್ರಶ್ನೆಗೂ ಅವಳು ಉತ್ತರ ಹೇಳಿದ್ದಿಲ್ಲ. ಕಾಲಿಗೆ ಚೆಂಡು ಸಿಕ್ಕರೆ ಮಾತ್ರ ಆ ಹುಡುಗಿ ಬೇರೆಯೇ. ಎಡ ಅಂಚಿನಲ್ಲಿ ಅವಳು ಓಟ ಕಿತ್ತರೆ ನನ್ನಂಥ ಆಲಸಿ ಕೂಡ ಕುರ್ಚಿ ಬಿಟ್ಟು ಏಳುತ್ತಿದ್ದ.

ಕಳೆದ ವರ್ಷದ ಫೈನಲ್ ದಿನ ಟೀಚರ್ ತಮ್ಮ ಇಪ್ಪತ್ತು ನಿಮಿಷವನ್ನು ಚೆನ್ನಾಗಿಯೇ ಮಾಡಿಸಿದ್ದರು. ಹುಡುಗಿಯರ ಮೈ ಹದವಾಗಿ ಕಾದಿತ್ತು. ಆಗ ಅತಿಥಿಗಳ ಕಾರು ಬಂತು. ಎರಡೂ ತಂಡಗಳು ವೇದಿಕೆಯ ಮುಂದೆ ಸಾಲಾಗಿ ನಿಂತವು. ಸ್ವಾಗತ, ಪ್ರಾಸ್ತಾವಿಕ, ಹೂಗುಚ್ಛ, ಒಬ್ಬರ ಭಾಷಣ, ಇನ್ನೊಬ್ಬರ ಭಾಷಣ. ನಿರೂಪಣೆ ನನ್ನದೇ, ಅಂದು ಬಹಳ ಚೆನ್ನಾಗಿ ಬಂತು ಎಂದು ಎಲ್ಲರೂ ಹೊಗಳಿದರು. ತಣ್ಣನೆ ಗಾಳಿ ಬೀಸುತ್ತಿತ್ತು. ಮುಕ್ಕಾಲು ಗಂಟೆ ಹುಡುಗಿಯರು ತೋಳಿಲ್ಲದ ಅಂಗಿಯಲ್ಲಿ ಅಟೆನ್ಷನ್ ನಿಂತರು. ಪಂದ್ಯ ಶುರುವಾಯಿತು, ಏಣಿ ಮೊದಲನೇ ಓಟ ಕಿತ್ತಳು, ನಾಲ್ಕು ಹೆಜ್ಜೆಗೆ ತೊಡೆಯ ಹಿಂಭಾಗ ಹಿಡಿದುಕೊಂಡು ಬಿದ್ದಳು.

ಸ್ನಾಯು ಹರಿದಿತ್ತು. ದೊಡ್ಡ ಮೇಡಂ, "ಈಗಿನ ಮಕ್ಕಳಿಗೆ ಶಕ್ತಿ ಎಲ್ಲಿದೆ" ಎಂದು ಕೈ ತೊಳೆದುಕೊಂಡರು. ಕ್ರೀಡಾ ಸಂಘದ ಅಧ್ಯಕ್ಷರು ಮುಂದಿನ ಸಮಾರಂಭಕ್ಕೆ ಹೊರಟರು. ಹುಡುಗಿಯನ್ನು ಹೊತ್ತುಕೊಂಡು ಆಸ್ಪತ್ರೆಗೆ ಹೋದದ್ದು ಸೀಟಿ ಟೀಚರ್.

ಗಾಯ ಮಾಗಿತು. ತಿಂಗಳುಗಟ್ಟಲೆ ಟೀಚರ್ ಅವಳನ್ನು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ಮುರಿದ ಬೆಂಚಿಗೆ ಹಿಮ್ಮಡಿ ಊರಿಸಿ, ಸೊಂಟ ಎತ್ತಿಸಿ ಇಳಿಸಿ ಮತ್ತೆ ಆಟಕ್ಕೆ ತಂದರು. ಆದರೆ ತಾಯಿಯ ಹೆದರಿಕೆ ಮಾಗಲಿಲ್ಲ. ಈ ವರ್ಷದ ಫೈನಲ್ ಹತ್ತಿರ ಬಂದಾಗ ಆಕೆ ಶಾಲೆಗೆ ಬಂದರು. ಮೊಣಕೈವರೆಗೆ ಹಿಟ್ಟು ಹಾಗೇ ಇತ್ತು.

"ಟೀಚರ್, ಆಸ್ಪತ್ರೇಲಿ ಏನಂದ್ರು ಗೊತ್ತಲ್ಲ? ಒಂದ್ಸಲ ಹರಿದ ಜಾಗ ಮತ್ತೆ ಹರಿಯೋದು ಜಾಸ್ತಿ ಅಂತ. ಈ ಸಲ ಏನೂ ಆಗಲ್ಲ ಅಂತ ಗ್ಯಾರಂಟಿ ಕೊಡ್ತೀರಾ?"

ಬೇರೆ ಯಾರೇ ಆಗಿದ್ದರೂ ಕೊಡುತ್ತಿದ್ದರು. ನಾನಂತೂ ಎರಡು ಗ್ಯಾರಂಟಿ ಕೊಡುತ್ತಿದ್ದೆ. ಟೀಚರ್, "ಇಲ್ಲಮ್ಮ. ಗ್ಯಾರಂಟಿ ಯಾರೂ ಕೊಡಕ್ಕಾಗಲ್ಲ. ಅಪಾಯ ಕಮ್ಮಿ ಮಾಡಬಹುದು, ಅಷ್ಟೇ. ಮೈ ಬಿಸಿ ಇಲ್ದೆ ಅವಳನ್ನ ಆಟಕ್ಕೆ ಬಿಡಲ್ಲ. ಇದು ಮಾತ್ರ ನನ್ ಮಾತು" ಎಂದರು.

ಆಕೆ ಕೈಗಂಟಿದ ಹಿಟ್ಟನ್ನು ಉಜ್ಜಿ ಉದುರಿಸಿದರು. "ಸರಿ. ಇದೊಂದು ಆಟ ಆಡ್ಲಿ. ಕಾಲಿಗೇನಾದ್ರೂ ಆದ್ರೆ ಮಾತ್ರ ಅವಳು ಇನ್ನು ಚೆಂಡು ಮುಟ್ಟೋದು ಬೇಡ. ನನ್ ಜೊತೆ ಬೇಕರಿಗೆ ಬರ್ತಾಳೆ." ಬಾಗಿಲ ಹೊರಗೆ ನಿಂತಿದ್ದ ಏಣಿಯ ಮುಖ ನಾನು ನೋಡಿದೆ. ನೋಡಬಾರದಿತ್ತು ಅನ್ನಿಸಿತು.

ಟೀಚರ್ ನೇರ ದೊಡ್ಡ ಮೇಡಂ ಕೋಣೆಗೆ ನುಗ್ಗಿದರು. ಸಮಾರಂಭ ಮೊದಲು, ಆಮೇಲೆ ಇಪ್ಪತ್ತು ನಿಮಿಷ, ಆಮೇಲೆ ತಕ್ಷಣ ಆಟ. ಮಧ್ಯೆ ಯಾರೂ ಮೈಕು ಮುಟ್ಟಬಾರದು. ದೊಡ್ಡ ಮೇಡಂ, "ಆಯ್ತು, ನೋಡೋಣ" ಎಂದರು. ಅವರ "ನೋಡೋಣ"ದ ಅರ್ಥ ಶಾಲೆಯ ಜವಾನನಿಗೂ ಗೊತ್ತಿತ್ತು.

ಫೈನಲ್ ದಿನ ಅಧ್ಯಕ್ಷರು ಒಂದು ಗಂಟೆ ತಡವಾಗಿ ಬಂದರು. ಅದು ಅವರ ಮಟ್ಟಿಗೆ ಬೇಗ. ಕ್ರೀಡಾ ಸಂಘಕ್ಕೆ ಅವರು ಅಧ್ಯಕ್ಷರಾಗಿ ಬಹಳ ವರ್ಷವಾಗಿತ್ತು. ಆ ವರ್ಷಗಳಲ್ಲಿ ಅವರು ಮಾಡಿದ ಅತಿ ದೊಡ್ಡ ವ್ಯಾಯಾಮ ಕಾರಿನಿಂದ ಇಳಿಯುವುದು. ಇಳಿದವರೇ ದೊಡ್ಡ ಮೇಡಂ ಕಿವಿಯಲ್ಲಿ ಏನೋ ಹೇಳಿದರು. ದೊಡ್ಡ ಮೇಡಂ ನನ್ನ ಕಿವಿಗೆ ದಾಟಿಸಿದರು: ಸಾಹೇಬರಿಗೆ ಇನ್ನೊಂದು ಕಡೆ ಉದ್ಘಾಟನೆ ಇದೆ, ಭಾಷಣ ಮುಗಿದ ಕೂಡಲೇ ಅವರೇ ಚೆಂಡು ಒದ್ದು ಪಂದ್ಯ ಶುರು ಮಾಡಿ ಹೊರಡುತ್ತಾರೆ. ಟೀಚರ ಇಪ್ಪತ್ತು ನಿಮಿಷ ರದ್ದು.

ನಾನು ಮೈಕಿನಲ್ಲಿ ಇದನ್ನು ಸಂತೋಷದ ಸುದ್ದಿ ಎಂಬಂತೆ ಪ್ರಕಟಿಸಿದೆ. ಮೈದಾನದ ಆಚೆ ಬದಿಯಲ್ಲಿ ಸೀಟಿ ಟೀಚರ್ ನನ್ನ ಕಡೆ ನೋಡಿದರು. ಅಷ್ಟು ದೂರದಿಂದಲೂ ಆ ನೋಟ ಸರಿಯಾಗಿ ಬಂದು ತಲುಪಿತು. ಅಂಚಿನ ಕಲ್ಲುಬೆಂಚಿನ ಮೇಲೆ ಏಣಿಯ ತಾಯಿ ಕೂತಿದ್ದರು.

ಅಧ್ಯಕ್ಷರು "ಕ್ರೀಡೆ ಮತ್ತು ಆರೋಗ್ಯ"ದ ಬಗ್ಗೆ ಮಾತು ಶುರು ಮಾಡಿದರು. ಅದೇ ಹೊತ್ತಿಗೆ ಒಂದು ಉದ್ದ ಸೀಟಿ ಕೇಳಿತು. ವೇದಿಕೆಯ ಮುಂದೆ ನಿಂತಿದ್ದ ನಮ್ಮ ಹುಡುಗಿಯರು ಬಲಕ್ಕೆ ತಿರುಗಿ, ಇಬ್ಬಿಬ್ಬರಾಗಿ ನಿಧಾನವಾಗಿ ಓಡುತ್ತ ಹೊರಟೇಹೋದರು. ಮೀಸೆಯವರ ತಂಡ ಮಾತ್ರ ಒಂದು ಬದಿಯಲ್ಲಿ ಬೇಲಿಕಂಬಗಳ ಹಾಗೆ ಉಳಿಯಿತು. ಭಾಷಣ "ಇಂದಿನ ಯುವಜನರು" ಎನ್ನುವಲ್ಲಿಗೆ ಬಂದಾಗ ಇಂದಿನ ಯುವಜನರು ಆಗಲೇ ಗೋಲುಕಂಬ ದಾಟಿದ್ದರು.

ದೊಡ್ಡ ಮೇಡಂ ಮುಖ ಕೆಂಡವಾಯಿತು. "ಮೇಷ್ಟ್ರೇ, ಹೋಗಿ ನಿಲ್ಸಿ!" ಎಂದು ಹಲ್ಲು ಕಡಿದರು. ನಾನು ಓಡಿದೆ. ಎಂದರೆ, ನನಗೆ ಓಟ ಅನ್ನಿಸಿದ್ದನ್ನು ಮಾಡಿದೆ.

"ಟೀಚರ್, ದಯವಿಟ್ಟು. ಅಧ್ಯಕ್ಷರು ಮಾತಾಡ್ತಿದಾರೆ."

"ಮಾತಾಡ್ಲಿ. ನಾನೇನು ಬೇಡ ಅಂದ್ನಾ?"

"ಅವರ ಎದುರಿಗೇ ಮಕ್ಕಳು ಕಾಲು ಬೀಸ್ತಿದಾರಲ್ರೀ! ಏನ್ ತಿಳ್ಕೋತಾರೆ?"

"ನೀವು ಏನ್ ಹೇಳ್ತೀರೋ ಅದನ್ನ ತಿಳ್ಕೋತಾರೆ. ಕಳೆದ ಸಲ ಆ ಮಗು ಬಿದ್ದಾಗ ನೀವು ಮೈಕಲ್ಲಿ ಏನಂದ್ರಿ? 'ಸಣ್ಣ ಅಡಚಣೆ' ಅಂದ್ರಿ. ಇವತ್ತೂ ಏನಾದ್ರೂ ಅನ್ನಿ ಹೋಗಿ. ನಾನ್ ನಿಲ್ಸಲ್ಲ." ಎಂದವರೇ ತಿರುಗಿ, "ಏಣೀ, ಬೀಸೋವಾಗ ನಡು ಕುಗ್ಗಿಸ್ಬೇಡ, ನೆಟ್ಟಗೆ!" ಎಂದು ಕೂಗಿದರು.

ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಆದರೆ ವೇದಿಕೆಗೆ ಮರಳುವ ದಾರಿಯಲ್ಲಿ ನನ್ನ ವೃತ್ತಿಬುದ್ಧಿ ಎಚ್ಚರವಾಯಿತು. ಅಧ್ಯಕ್ಷರು ನೀರು ಕುಡಿಯಲು ನಿಲ್ಲಿಸಿದ ಗಳಿಗೆ ನೋಡಿ ಮೈಕು ಹಿಡಿದು, "ಸಭಿಕರೇ, ಈಗ ತಾವು ನೋಡುತ್ತಿರುವುದು ನಮ್ಮ ವಿದ್ಯಾರ್ಥಿನಿಯರು ಮಾನ್ಯ ಅಧ್ಯಕ್ಷರ ಗೌರವಾರ್ಥ ಸಿದ್ಧಪಡಿಸಿರುವ ವಿಶೇಷ ಕವಾಯತು" ಎಂದೆ.

ಸಿಡುಕಿನಿಂದ ಗಂಟಿಕ್ಕಿದ್ದ ಅಧ್ಯಕ್ಷರ ಹುಬ್ಬು ಬಿಚ್ಚಿತು. ಜನ ಚಪ್ಪಾಳೆ ತಟ್ಟಿದರು. ಹನ್ನೊಂದು ಹುಡುಗಿಯರು ಅವರ ಗೌರವಾರ್ಥ ಬೆನ್ನ ಮೇಲೆ ಮಲಗಿ ಸೊಂಟ ಎತ್ತಿದರು. ಅವರ ಗೌರವಾರ್ಥ ಒಂಟಿ ಕಾಲಲ್ಲಿ ನಿಂತರು. ಸದ್ದಿಲ್ಲದೆ ನೆಗೆದು ಇಳಿದರು. ಅಧ್ಯಕ್ಷರು ಭಾಷಣವನ್ನೇ ಮರೆತು ತಲೆದೂಗಿದರು. ದೊಡ್ಡ ಮೇಡಂ ಈ ಯೋಜನೆ ತಮ್ಮದೇ ಎಂಬಂತೆ ಸೆರಗು ಸರಿಮಾಡಿಕೊಂಡರು. ನಾನು ಬೆನ್ನು ತಟ್ಟಿಕೊಳ್ಳುವುದೊಂದು ಬಾಕಿ.

ಅಲ್ಲಿಗೇ ನಿಂತಿದ್ದರೆ ಎಲ್ಲ ಸುಸೂತ್ರ. ಹೊಗಳಿಕೆಯನ್ನು ಅಳತೆ ತಪ್ಪಿ ಬಡಿಸಿದರೆ ಏನಾಗುತ್ತದೆ ಎನ್ನುವುದು ಇಷ್ಟು ವರ್ಷದ ಅನುಭವವಿದ್ದ ನನಗೆ ಹೊಳೆಯಬೇಕಿತ್ತು. ಹುಡುಗಿಯರು ಚಿಕ್ಕ ಓಟಗಳಿಗೆ ಸಾಲು ಕಟ್ಟಿದಾಗ ಅಧ್ಯಕ್ಷರು ಕುರ್ಚಿಯಿಂದ ಎದ್ದರು.

"ನಾನೂ ಒಂದು ಕಾಲದಲ್ಲಿ ಆಡಿದವನೇ. ನನ್ನ ಗೌರವಕ್ಕೆ ಮಕ್ಕಳು ಇಷ್ಟು ಮಾಡುವಾಗ ನಾನು ಕೂತಿರಲೇ?" ಎಂದು ಮೈಕಿನಲ್ಲೇ ಹೇಳಿ, ಕೋಟು ತೆಗೆದು ನನ್ನ ಕೈಗೆ ಕೊಟ್ಟು, ಮೆಟ್ಟಿಲು ಇಳಿದು ನೇರ ಸಾಲಿಗೆ ಹೋಗಿ ನಿಂತರು. ಏಣಿಯ ಪಕ್ಕದಲ್ಲೇ.

ಟೀಚರ್ ಅವರನ್ನು ತಡೆದರು. ಇದಕ್ಕೆ ಇಡೀ ಮೈದಾನ ಸಾಕ್ಷಿ.

"ಸಾರ್, ಬೇಡ. ಇದು ಕೊನೇ ಭಾಗ. ನೀವು ಇಷ್ಟೊತ್ತು ಕೂತಿದ್ರಿ. ಓಡ್ಲೇಬೇಕು ಅಂದ್ರೆ ಮೊದ್ಲು ಒಂದೆರಡು ಸುತ್ತು ನಿಧಾನಕ್ಕೆ ಬನ್ನಿ, ಕೀಲು ಸಡಿಲ ಮಾಡ್ಕೊಳ್ಳಿ..."

"ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತಮ್ಮ? ನಮ್ದು ಹುಟ್ಟಾ ಬಿಸಿರಕ್ತ!"

"ರಕ್ತ ಅಲ್ಲ ಸಾರ್, ಸ್ನಾಯು. ಹಾಗಿದ್ರೆ ಅರ್ಧ ವೇಗದಲ್ಲಾದ್ರೂ..."

ಅಧ್ಯಕ್ಷರ ಜೀವನದಲ್ಲಿ ಅರ್ಧ ಎನ್ನುವುದು ಇರಲಿಲ್ಲ. ಸೀಟಿ ಊದುವುದಕ್ಕೂ ಕಾಯಲಿಲ್ಲ. ಬೂಟುಕಾಲಲ್ಲಿ ಬಾಣದ ಹಾಗೆ ಹೊರಟರು. ಜನ ಹೋ ಎಂದರು. ಮೂರು ಹೆಜ್ಜೆ, ನಾಲ್ಕು ಹೆಜ್ಜೆ ನಿಜಕ್ಕೂ ವೇಗವಾಗಿಯೇ ಇತ್ತು, ಸುಳ್ಳು ಹೇಳಬಾರದು. ಐದನೆಯದಕ್ಕೆ ಯಾರೋ ಹಿಂದಿನಿಂದ ಕಲ್ಲು ಹೊಡೆದರೇನೋ ಎಂಬಂತೆ ತಿರುಗಿ ನೋಡಿ, ತೊಡೆಯ ಹಿಂಭಾಗ ಹಿಡಿದುಕೊಂಡು, ಮೈದಾನದ ನಟ್ಟನಡುವೆ, ಸುಣ್ಣದ ವೃತ್ತದೊಳಗೆ ಕುಸಿದರು.

ಕೋಟು ನನ್ನ ಕೈಯಲ್ಲೇ ಇತ್ತು. ಒಂದು ಕ್ಷಣ ನನಗೆ ತಡೆಯಲಾರದ ನಗು ಬಂತು. ಅದನ್ನು ಕೋಟಿನೊಳಗೆ ಕೆಮ್ಮಿದೆ.

ಅಧ್ಯಕ್ಷರ ಹಿಂಬಾಲಕರು ಮುತ್ತಿಕೊಂಡರು. ಒಬ್ಬ ಕಾಲು ಹಿಡಿದು ಎಳೆಯಲು ಹೊರಟ, ಇನ್ನೊಬ್ಬ ತಿಕ್ಕಲು. "ಎಳೀಬೇಡಿ! ತಿಕ್ಕಬೇಡಿ! ಸರೀರಿ ಆ ಕಡೆ!" ಎಂದು ಟೀಚರ್ ಎಲ್ಲರನ್ನೂ ತಳ್ಳಿ ಮಂಡಿಯೂರಿದರು. ತಮ್ಮ ಪೆಟ್ಟಿಗೆಯಿಂದ ಐಸನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ಕೆಳಗೆ ಒತ್ತಿಟ್ಟರು, ಪಟ್ಟಿ ಕಟ್ಟಿದರು, ಓಡಿಬಂದ ನನ್ನ ಕೈಲಿದ್ದ ಕೋಟನ್ನು ಮಡಿಸಿ ಕಾಲನ್ನು ಅದರ ಮೇಲೆ ಎತ್ತಿರಿಸಿದರು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದರು. ಆದರೆ ಅಧ್ಯಕ್ಷರು ಬೇರೆಯವರ ಗಾಡಿಯಲ್ಲಿ ಹೋಗುವವರಲ್ಲ. ಅವರ ಕಾರು ಪೆಟ್ರೋಲಿಗೆಂದು ಹೋಗಿತ್ತು. ಅದು ಬರುವವರೆಗೆ ಯಾರೂ ಅವರನ್ನು ಅಲುಗಾಡಿಸುವಂತಿರಲಿಲ್ಲ.

ದೊಡ್ಡ ಮೇಡಂ ಅಪ್ಪಣೆ ಕೊಟ್ಟರು: "ಟೀಚರ್, ಕಾರು ಬರೋವರೆಗೆ ನೀವು ಅವರ ಪಕ್ಕ ಬಿಟ್ಟು ಕದಲ್ಕೂಡ್ದು. ಮಕ್ಕಳೆಲ್ಲ ಸದ್ದು ಮಾಡದೆ ಸಾಲಾಗಿ ನಿಂತಿರ್ಲಿ. ಇದು ದುಃಖದ ಸಮಯ." ರೆಫರಿ, "ಕಾರು ಹೋದ ತಕ್ಷಣ ಆಟ ಶುರು. ಬೆಳಕು ಸಾಲಲ್ಲ, ಒಂದು ನಿಮಿಷಾನೂ ಕಾಯಲ್ಲ" ಎಂದ.

ಕಳೆದ ವರ್ಷದ್ದೇ ಕಥೆ. ಕಾದ ಮೈ, ಮತ್ತೆ ಅಟೆನ್ಷನ್, ಮತ್ತೆ ಅದೇ ತಣ್ಣನೆ ಗಾಳಿ. ಅಂದು ನಿಲ್ಲಿಸಿದ್ದು ಭಾಷಣ, ಇಂದು ನಿಲ್ಲಿಸುತ್ತಿರುವುದು ಭಾಷಣಕಾರರ ತೊಡೆ. ಏಣಿ ಸಾಲಿನ ತುದಿಯಲ್ಲಿ ನಿಂತು ಎರಡೂ ಕೈಯಿಂದ ತನ್ನ ತೊಡೆಯನ್ನು ಉಜ್ಜಿಕೊಳ್ಳುತ್ತಿದ್ದಳು. ಕಲ್ಲುಬೆಂಚಿನಿಂದ ಅವಳ ತಾಯಿ ಎದ್ದು ನಿಂತಿದ್ದರು.

ಕಾಲು ಗಂಟೆ ಹೋಯಿತು. ಕಾರಿಲ್ಲ. ಟೀಚರ್ ಒಂದು ಕೈಯಲ್ಲಿ ಐಸು ಒತ್ತಿ ಹಿಡಿದಿದ್ದರು. ಇನ್ನೊಂದು ಕೈಯಿಂದ ಸೀಟಿಯನ್ನು ಬಾಯಿಗಿಟ್ಟುಕೊಂಡು ಊದಿದರು.

ಅಧ್ಯಕ್ಷರು ಬೆಚ್ಚಿಬಿದ್ದರು. ಸೀಟಿ ಅವರ ಕಿವಿಯಿಂದ ಒಂದು ಮೊಳ ದೂರದಲ್ಲಿತ್ತು. ಹುಡುಗಿಯರು ಓಟಕ್ಕಿಳಿದರು. ದೊಡ್ಡ ಮೇಡಂ "ಏಯ್, ಏಯ್" ಎಂದು ಕೈ ಎತ್ತಿದರು, ಹುಡುಗಿಯರು ಆ ಕೈಯನ್ನು ಸುತ್ತಿಕೊಂಡು ಹೋದರು. ಇಪ್ಪತ್ತು ನಿಮಿಷದ ಪೂರ್ತಿ ಪಾಠವೇನೂ ಅಲ್ಲ. ಬಿಸಿಯನ್ನು ಮರಳಿ ತರುವುದಕ್ಕೆ ಬೇಕಾದಷ್ಟೇ. ಸ್ವಲ್ಪ ಓಟ, ಎರಡನೇ ಸೀಟಿಗೆ ಕಾಲು ಬೀಸುವುದು, ಮೂರನೆಯದಕ್ಕೆ ಸಣ್ಣ ನೆಗೆತ. ಪ್ರತಿ ಸೀಟಿಗೂ ಅಧ್ಯಕ್ಷರು ಕಣ್ಣು ಮುಚ್ಚಿ ಹಲ್ಲು ಕಚ್ಚುತ್ತಿದ್ದರು.

"ಸ್ವಲ್ಪ... ಮೆಲ್ಲಗೆ ಊದಮ್ಮ" ಎಂದರು ಪಾಪ.

"ಕಿವಿ ಮುಚ್ಕೊಳ್ಳಿ ಸಾರ್. ಕಾಲು ಮಾತ್ರ ಆಡಿಸ್ಬೇಡಿ" ಎಂದು ಟೀಚರ್ ಮತ್ತೆ ಊದಿದರು.

ಆಗ ಮೀಸೆಯ ಮೇಷ್ಟ್ರು ತಮ್ಮ ತಂಡದ ಕಡೆ ನೋಡಿದರು. ಅವರ ಹುಡುಗಿಯರು ಚಳಿಗೆ ಮೈ ಮುದುಡಿಕೊಂಡು ನಿಂತಿದ್ದರು. ವೃತ್ತದೊಳಗೆ ಮಲಗಿದ್ದ ಅಧ್ಯಕ್ಷರನ್ನು ನೋಡಿದರು. ಮೀಸೆ ಸ್ವಲ್ಪ ಇಳಿಯಿತು. ಕೈಬೀಸಿ ತಮ್ಮವರನ್ನೂ ನಮ್ಮವರ ಹಿಂದೆ ಕಳಿಸಿದರು. ಇಪ್ಪತ್ತೆರಡು ಹುಡುಗಿಯರು ಅಧ್ಯಕ್ಷರನ್ನು ನಡುವೆ ಇಟ್ಟುಕೊಂಡು ಸುತ್ತತೊಡಗಿದರು. ಈ ಸಲ ಯಾರ ಗೌರವಾರ್ಥವೂ ಅಲ್ಲ. ನಾನು ಮೈಕು ಆರಿಸಿಬಿಟ್ಟೆ.

ಕೊನೆಯ ಚಿಕ್ಕ ಓಟ ಮುಗಿಯುವ ಹೊತ್ತಿಗೆ ಕಾರು ಬಂತು. ಅಧ್ಯಕ್ಷರನ್ನು ಎತ್ತಿ ಒಳಗಿಟ್ಟರು. ಮಾರನೇ ವಾರ ಅವರ ಸಂಘದಿಂದ ಎಲ್ಲ ಶಾಲೆಗಳಿಗೂ ಒಂದು ಆದೇಶ ಬಂತು: ಇನ್ನು ಮುಂದೆ ಚೆಂಡು ಒದೆಯುವ ಅತಿಥಿಗಳಿಗೆ ಕಡ್ಡಾಯವಾಗಿ ಇಪ್ಪತ್ತು ನಿಮಿಷ ಮೈ ಬಿಸಿ ಮಾಡಿಸತಕ್ಕದ್ದು. ಆಟಗಾರರ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ. ಡ್ರಿಲ್ ಪೀರಿಯಡ್ ಆ ವಾರವೂ ಗಣಿತದವರಿಗೇ ಹೋಯಿತು.

ಅದಿರಲಿ, ಅಂದು ಕಾರು ಹೋದ ತಕ್ಷಣ ಆಟ ಶುರುವಾಯಿತು. ಮೊದಲ ಕೆಲವು ನಿಮಿಷ ಏಣಿ ಓಡಲೇ ಇಲ್ಲ. ಚೆಂಡು ಬಂದರೆ ಪಕ್ಕಕ್ಕೆ ಕೊಟ್ಟು ಸುಮ್ಮನಾಗುತ್ತಿದ್ದಳು. ಹೆದರಿಕೆ, ಬೇರೇನಲ್ಲ. ಟೀಚರ್ ಗೆರೆಯ ಹೊರಗೆ ನಿಂತಿದ್ದರು. ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ಅಧ್ಯಕ್ಷರ ಕಿವಿಯ ಪಕ್ಕ ಊದಿದ ಅದೇ ಸೀಟಿಯನ್ನು ಒಮ್ಮೆಯೂ ಬಾಯಿಗೆ ತರಲಿಲ್ಲ.

ಆಮೇಲೆ ಎಡ ಅಂಚಿನಲ್ಲಿ ಚೆಂಡು ಉರುಳಿಕೊಂಡು ಬಂತು, ಮುಂದೆ ಮೈದಾನ ಖಾಲಿ. ಏಣಿ ಒಂದು ಗಳಿಗೆ ನಿಂತಳು. ಓಟ ಕಿತ್ತಳು.

ಒಂದು, ಎರಡು, ಮೂರು, ನಾಲ್ಕು. ನಾಲ್ಕರ ನಂತರ ಎಣಿಸಲು ನನಗೆ ಉಸಿರಿರಲಿಲ್ಲ. ಅವಳು ಓಡುತ್ತಲೇ ಇದ್ದಳು. ಗೋಲಿನ ಹತ್ತಿರ ಬಾರಿಸಿದಳು. ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು. ದೊಡ್ಡ ಮೇಡಂ ಹಣೆ ಚಚ್ಚಿಕೊಂಡರು. ಟೀಚರ್ ಚೆಂಡಿನ ಕಡೆ ನೋಡಿಯೇ ಇರಲಿಲ್ಲ. ಅವರು ನೋಡುತ್ತಿದ್ದದ್ದು ಹುಡುಗಿ ತಿರುಗಿ ವಾಪಸು ನಡೆದುಬರುವ ಕಾಲುಗಳನ್ನು. ಎರಡೂ ಸರಿಸಮನಾಗಿ ಊರುತ್ತಿದ್ದವು.

ಪಂದ್ಯವನ್ನು ನಾವು ಸೋತೆವು. ಮೀಸೆಯವರ ತಂಡ ಒಂದು ಗೋಲು ಹೊಡೆದುಬಿಟ್ಟಿತು. ದೊಡ್ಡ ಮೇಡಂ, "ಇಷ್ಟೆಲ್ಲ ಕುಣಿಸಿ ಏನ್ ಬಂತು ಟೀಚರ್?" ಎಂದು ಮೂಗು ಮುರಿದು ಹೊರಟರು. ಮುಗಿಯುವವರೆಗೂ ಏಣಿ ಆಡಿದಳು, ಲೆಕ್ಕವಿಲ್ಲದಷ್ಟು ಸಲ ಓಡಿದಳು, ಒಂದು ಸಲವೂ ಕಾಲು ಹಿಡಿದುಕೊಳ್ಳಲಿಲ್ಲ.

ಜನ ಕರಗಿದ ಮೇಲೆ ತಾಯಿ ಮೈದಾನದೊಳಗೆ ಬಂದರು. ಮಗಳ ಮುಖ ನೋಡಲಿಲ್ಲ, ಸೋತೆಯಾ ಎಂದು ಕೇಳಲಿಲ್ಲ. ಅವಳ ಹಿಂದೆ ಕುಕ್ಕರುಗಾಲಲ್ಲಿ ಕೂತು, ತೊಡೆಯ ಹಿಂಭಾಗವನ್ನು ಮೇಲಿಂದ ಕೆಳಗಿನವರೆಗೆ ಹಿಟ್ಟಿನ ಹದ ನೋಡುವ ಹಾಗೆ ಬೆರಳಿಂದ ಒತ್ತಿ ನೋಡಿದರು.

"ನೋವ್ತದಾ?"

"ಇಲ್ಲಮ್ಮ."

"ಇಲ್ಲಿ?"

"ಇಲ್ಲ. ಕಚಗುಳಿ ಆಗತ್ತೆ ಬಿಡು."

ತಾಯಿ ಎದ್ದರು. ಸೀಟಿ ಟೀಚರ ಕಡೆ ತಿರುಗಿದರು. ಏನು ಕೇಳಬೇಕಾಗುತ್ತದೋ ಎಂದು ಟೀಚರ್ ಆಕೆಯ ಬಾಯನ್ನೇ ನೋಡುತ್ತಿದ್ದರು.

"ಟೀಚರ್, ನಾಳೆಯಿಂದ ಪ್ರಾಕ್ಟೀಸ್ ಎಷ್ಟೊತ್ತಿಗೆ? ನಾನು ಬೆಳಗ್ಗೆ ಬೇಗ ಬೇಕರಿಗೆ ಹೋಗ್ತೀನಿ. ಹೋಗೋ ಮುಂಚೆ ಇವಳನ್ನ ಎಬ್ಬಿಸಿ ಹೋಗ್ಬೇಕು."

ಟೀಚರ್ ಉತ್ತರ ಹೇಳಲು ಬಾಯಿ ತೆರೆದರು. ಆಮೇಲೆ ಬಗ್ಗಿ, ಆಗಲೇ ಕಟ್ಟಿದ್ದ ಬೂಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದರು.

"ಆರು ಗಂಟೆಗೆ" ಎಂದು ನಾನೇ ಹೇಳಿದೆ.